ಎರಡನೆಯ ಮಗು: ಲೆಕ್ಕದ ಮರೆಯಲ್ಲಿ ಅಡಗಿದ್ದ ಮಾತು

ಎರಡನೆಯ ಮಗು ಬೇಕೆ ಬೇಡವೆ ಎಂಬ ಪ್ರಶ್ನೆಗೆ ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ಸಿದ್ಧವಾಗಿರುವ ಉತ್ತರ ಒಂದೇ: ‘ಈ ಕಾಲದಲ್ಲಿ ಒಂದನ್ನು ಸಾಕುವುದೇ ಕಷ್ಟ’. ಕೇಳಿದವರು ತಲೆಯಾಡಿಸುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ. ಹಣದ ಕಾರಣವನ್ನು ಯಾರೂ ಪ್ರಶ್ನಿಸುವುದಿಲ್ಲ, ಅದರಿಂದ ಯಾರ ಮನಸ್ಸೂ ನೋಯುವುದಿಲ್ಲ. ಈ ಕಾರಣಕ್ಕಾಗಿಯೇ ದಂಪತಿಗಳು ಹೇಳಲಾಗದ ಬೇರೆ ಮಾತುಗಳನ್ನೂ ಹಣದ ಮರೆಯಲ್ಲಿಟ್ಟುಬಿಡುತ್ತಾರೆ. ಹಿರಿಯೂರು ತಾಲ್ಲೂಕಿನ ಧರ್ಮಪುರದಲ್ಲಿರುವ ನಮ್ಮ ಮನೆಯಲ್ಲಿಯೂ ಎರಡು ವರ್ಷ ನಡೆದದ್ದು ಇದೇ. ಹಣದ ಲೆಕ್ಕವನ್ನು ಕಾಗದದ ಮೇಲೆ ಪೂರ್ತಿಯಾಗಿ ಬರೆದ ಮೇಲೆಯೇ ನಮ್ಮಿಬ್ಬರ ನಡುವಿನ ನಿಜವಾದ ಪ್ರಶ್ನೆ ಯಾವುದೆಂಬುದು ತಿಳಿಯಿತು. ಇದೇ ಕವಲಿನಲ್ಲಿ ನಿಂತಿರುವ ಇತರರಿಗೆ ಉಪಯೋಗವಾದೀತೆಂಬ ಕಾರಣಕ್ಕೆ ಆ ಲೆಕ್ಕವನ್ನೂ ಅದರ ಹಿಂದಿದ್ದುದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಆಂಧ್ರದ ಗಡಿಗೆ ಹತ್ತಿರದ ಹೋಬಳಿ ಕೇಂದ್ರ. ಮಳೆ ನಂಬಿ ಶೇಂಗಾ ಬಿತ್ತುವ ಬಯಲುಸೀಮೆ. ‘ಒಂದು ಕಣ್ಣು ಕಣ್ಣಲ್ಲ, ಒಬ್ಬ ಮಗ ಮಗನಲ್ಲ’ ಎಂಬ ಗಾದೆ ಇಲ್ಲಿ ಇಂದಿಗೂ ಕೇಳುತ್ತದೆ. ಹುಟ್ಟಿದ ಮಕ್ಕಳಲ್ಲಿ ಅನೇಕರು ಬದುಕುಳಿಯದ ಕಾಲದಲ್ಲಿ ಆ ಮಾತಿಗೆ ಅರ್ಥವಿತ್ತು. ಮುಂದೆ ಮಕ್ಕಳು ಉಳಿಯತೊಡಗಿದರು, ಜಮೀನು ಪಾಲಾಗುತ್ತ ಸಣ್ಣದಾಯಿತು, ಕುಟುಂಬಗಳು ತಾವಾಗಿ ಎರಡಕ್ಕೆ ಇಳಿದವು. ಸರ್ಕಾರವೇ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಬೇಕೆಂದು 1930ರಷ್ಟು ಹಿಂದೆಯೇ ನಿರ್ಧರಿಸಿದ ಸಂಸ್ಥಾನ ನಮ್ಮ ಮೈಸೂರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಸ್ಥಿರವಾಗಿರಲು ಬೇಕಾದುದು 2.1. ಇದನ್ನು ಕಂಡೇ ಪಕ್ಕದ ಆಂಧ್ರದ ಮುಖ್ಯಮಂತ್ರಿ ಎನ್. ಚಂದ್ರಬಾಬು ನಾಯ್ಡು ಅವರು ಹೆಚ್ಚು ಮಕ್ಕಳನ್ನು ಹೆರುವಂತೆ 2024ರಲ್ಲಿ ಜನರಿಗೆ ಕರೆ ನೀಡಿದ್ದು. ಎರಡು ಸಾಕೆಂದು ಗೋಡೆಗಳ ಮೇಲೆ ಬರೆಸಿದ ವ್ಯವಸ್ಥೆಯೇ ಈಗ ಇನ್ನಷ್ಟು ಬೇಕೆನ್ನುತ್ತಿದೆ. ಆದರೆ ಯಾವ ದಂಪತಿಯೂ 0.4 ಮಗುವಿನ ಕೊರತೆ ತುಂಬಲು ಮಗುವನ್ನು ಹೆರುವುದಿಲ್ಲ. ಅವರ ಮುಂದಿರುವ ಲೆಕ್ಕವೇ ಬೇರೆ.

ನಮ್ಮ ಲೆಕ್ಕ ಹೀಗಿತ್ತು. ನನ್ನ ಪತಿ ಸರ್ಕಾರಿ ಪ್ರೌಢಶಾಲಾ ಶಿಕ್ಷಕರು, ವಯಸ್ಸು 41. ನಾನು ಖಾಸಗಿ ಪದವಿಪೂರ್ವ ಕಾಲೇಜೊಂದರಲ್ಲಿ ಉಪನ್ಯಾಸಕಿ, ವಯಸ್ಸು 36. ಮಗಳಿಗೆ ಆರು ತುಂಬಿದೆ. ಅವರ ಕೈಗೆ ಬರುವ ಸಂಬಳ 58,000 ರೂಪಾಯಿ, ನನ್ನದು 26,000. ಒಟ್ಟು 84,000ದಲ್ಲಿ ಮನೆ ಸಾಲದ ಕಂತು 19,000, ಮನೆ ಖರ್ಚು 26,000, ಮಗಳ ಶಾಲೆ ಮತ್ತು ವಾಹನಕ್ಕೆ 6,000, ಅತ್ತೆಯವರ ಔಷಧಿ ಹಾಗೂ ವಿಮೆಗೆ 7,000, ಉಳಿತಾಯ 14,000. ಮಿಕ್ಕ 12,000 ಹಬ್ಬ, ಮದುವೆ, ರಿಪೇರಿಗಳಿಗೆ ಹೋಗುತ್ತದೆ. ‘ಇದರಲ್ಲಿ ಇನ್ನೊಂದು ಮಗು ಎಲ್ಲಿ ಹಿಡಿಸುತ್ತದೆ?’ ಎಂಬುದು ಪತಿಯ ವಾದ. ನನಗೆ ಮಗು ಬೇಕಿತ್ತು, ಅವರಿಗೆ ಬೇಡವಾಗಿತ್ತು.

ಇಂಥ ಲೆಕ್ಕ ಮಾಡುವಾಗ ಬಹುಪಾಲು ಜನ ಮೊದಲ ಮಗುವಿನ ಖರ್ಚನ್ನು ಎರಡರಿಂದ ಗುಣಿಸುತ್ತಾರೆ. ಇದು ಸರಿಯಲ್ಲ. ತೊಟ್ಟಿಲು, ಬಟ್ಟೆ, ಪುಸ್ತಕ, ಮಲಗುವ ಕೋಣೆ ಇವೆಲ್ಲ ಹಂಚಿಕೆಯಾಗುತ್ತವೆ. ಹಂಚಿಕೆಯಾಗದವು ಮೂರು: ತಾಯಿ ಕಳೆದುಕೊಳ್ಳುವ ಸಂಬಳ, ಮೊದಲ ಮೂರು ವರ್ಷ ಮಗುವನ್ನು ನೋಡಿಕೊಳ್ಳುವವರ ಕೂಲಿ, ಆಮೇಲೆ ಶಾಲೆ–ಕಾಲೇಜಿನ ಶುಲ್ಕ. ಆದ್ದರಿಂದ ನಾವು ಖರ್ಚನ್ನು ವಸ್ತುಗಳ ಪ್ರಕಾರ ಬರೆಯದೆ ಕಾಲದ ಪ್ರಕಾರ ಬರೆದೆವು.

ಮೊದಲ ಹಂತ ಗರ್ಭಧಾರಣೆಯಿಂದ ಮಗುವಿಗೆ ಮೂರು ವರ್ಷ ತುಂಬುವವರೆಗಿನದು. 2017ರ ತಿದ್ದುಪಡಿಯಿಂದ ಬಂದ 26 ವಾರಗಳ ವೇತನಸಹಿತ ಹೆರಿಗೆ ರಜೆ ಎರಡನೆಯ ಮಗುವಿಗೂ ಅನ್ವಯಿಸುತ್ತದೆ. ಆದರೆ ಜೂನ್‌ನಲ್ಲಿ ನೇಮಿಸಿಕೊಂಡು ಮಾರ್ಚ್‌ನಲ್ಲಿ ಬಿಡುಗಡೆ ಮಾಡುವ ಸಣ್ಣ ಖಾಸಗಿ ಕಾಲೇಜುಗಳಲ್ಲಿ ದುಡಿಯುವವರು ಆ ಹಕ್ಕನ್ನು ನಂಬಿ ಮನೆಯ ಆಯವ್ಯಯ ಬರೆಯುವಂತಿಲ್ಲ. ಗುತ್ತಿಗೆಯ ಅವಧಿ ಮುಗಿದರೂ ಹೆರಿಗೆ ಸೌಲಭ್ಯ ಮುಂದುವರಿಯಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ, ನಿಜ. ಆದರೆ ಪ್ರತಿ ತಾಯಿಯೂ ಎಳೆಗೂಸನ್ನು ಎತ್ತಿಕೊಂಡು ನ್ಯಾಯಾಲಯದ ಮೆಟ್ಟಿಲು ಹತ್ತಲಾರಳು. ಆದ್ದರಿಂದ ಒಂದು ವರ್ಷ ನನಗೆ ಸಂಬಳವೇ ಇರುವುದಿಲ್ಲವೆಂದು ಭಾವಿಸಿದೆವು. ಅದು 3,12,000. ಪರೀಕ್ಷೆ, ಔಷಧಿ, ಹೆರಿಗೆಗೆ ಒಂದು ಲಕ್ಷ. ಮುಂದಿನ ಎರಡು ವರ್ಷ ಹಗಲು ಮಗುವನ್ನು ನೋಡಿಕೊಳ್ಳುವ ಹೆಂಗಸಿಗೆ ತಿಂಗಳಿಗೆ 9,000ದಂತೆ 2,16,000. ಒಟ್ಟು 6,28,000. ಸುಮಾರು 45 ತಿಂಗಳಿಗೆ ಹಂಚಿದರೆ ತಿಂಗಳಿಗೆ 14,000. ಎಂದರೆ ನಮ್ಮ ಉಳಿತಾಯ ನಾಲ್ಕು ವರ್ಷ ಪೂರ್ತಿ ನಿಲ್ಲುತ್ತದೆ, ಸಾಲ ಮಾಡಬೇಕಾಗುವುದಿಲ್ಲ.

ಇಲ್ಲಿ ಹೆಚ್ಚಿನ ಮನೆಗಳು ಇನ್ನೊಂದು ದಾರಿ ಹಿಡಿಯುತ್ತವೆ: ‘ಆಯಾಗೆ ಕೊಡುವ ಬದಲು ನೀನೇ ಮೂರು ವರ್ಷ ಮನೆಯಲ್ಲಿರು’. ಕೇಳಲು ಮಿತವ್ಯಯದಂತಿದೆ. ಆದರೆ ನಾನು 36 ತಿಂಗಳು ಕೆಲಸ ಬಿಟ್ಟರೆ ಹೋಗುವುದು 9,36,000. ಒಂದು ವರ್ಷ ಬಿಟ್ಟು, ಮತ್ತೆರಡು ವರ್ಷ ಆಯಾ ಇಟ್ಟುಕೊಂಡರೆ ಹೋಗುವುದು 5,28,000. ವ್ಯತ್ಯಾಸ ನಾಲ್ಕು ಲಕ್ಷಕ್ಕೂ ಹೆಚ್ಚು. ಇದಕ್ಕಿಂತ ಮುಖ್ಯವಾದುದು, ಮೂರು ವರ್ಷ ಹೊರಗುಳಿದ 40ರ ಉಪನ್ಯಾಸಕಿಯನ್ನು ಅದೇ ಸಂಬಳಕ್ಕೆ ಯಾರೂ ಮರಳಿ ಕರೆಯುವುದಿಲ್ಲ. ಸರ್ಕಾರಿ ನೇಮಕಾತಿಯ ವಯೋಮಿತಿಯೂ ಆ ಹೊತ್ತಿಗೆ ಹತ್ತಿರವಾಗಿರುತ್ತದೆ. ಹೆಣ್ಣಿಗೆ ದೇಹದ ಗಡಿಯಾರ ಒಂದೇ ಎನ್ನುತ್ತಾರೆ. ಅಲ್ಲ, ನೌಕರಿಯ ಗಡಿಯಾರವೂ ಅದೇ ವರ್ಷಗಳಲ್ಲಿ ಓಡುತ್ತಿರುತ್ತದೆ.

ಎರಡನೆಯ ಹಂತ ಕಾಲೇಜಿನದು. ಇದಕ್ಕೆ ಬೇಕಾದುದು ಒಂದೇ ಸರಳ ಕೂಡುವಿಕೆ: ಮಗುವಿಗೆ 18 ತುಂಬುವಾಗ ತಂದೆ–ತಾಯಿಗೆ ಎಷ್ಟು? ಮುಂದಿನ ವರ್ಷ ಮಗು ಹುಟ್ಟಿದರೆ ಅದು ಕಾಲೇಜು ಸೇರುವ ವರ್ಷವೇ ನನ್ನ ಪತಿ 60 ತುಂಬಿ ನಿವೃತ್ತರಾಗುತ್ತಾರೆ. 2006ರ ಏಪ್ರಿಲ್ ನಂತರ ಕೆಲಸಕ್ಕೆ ಸೇರಿದ ಅವರಿಗೆ ಹಳೆಯ ಮಾದರಿಯ ನಿಶ್ಚಿತ ಪಿಂಚಣಿ ಇಲ್ಲ. ರಾಷ್ಟ್ರೀಯ ಪಿಂಚಣಿ ಯೋಜನೆಯಲ್ಲಿ ಕೂಡಿಟ್ಟ ಹಣದ ಒಂದು ಭಾಗ ಕೈಗೆ ಬರುತ್ತದೆ, ಉಳಿದುದರಿಂದ ಮಾಸಿಕ ವರಮಾನ. ಕೈಗೆ ಬಂದ ಭಾಗವನ್ನು ಮಗುವಿನ ಓದಿಗೆ ಸುರಿದರೆ ನಮ್ಮ ಮುಪ್ಪಿಗೆ ಏನುಳಿಯುತ್ತದೆ? ಈ ಪ್ರಶ್ನೆಗೆ ಉತ್ತರ ಎರಡು ಕಡೆ ಸಿಕ್ಕಿತು. ಆಗ ನನಗೆ 55. ನಾನು ಇನ್ನೂ ದುಡಿಯುತ್ತಿರುತ್ತೇನೆ. ಮನೆ ಸಾಲ ಇನ್ನು 12 ವರ್ಷಕ್ಕೆ ತೀರುತ್ತದೆ. ಅಲ್ಲಿಂದ ಆ 19,000ವನ್ನು ಮುಟ್ಟದೆ ಏಳು ವರ್ಷ ಎತ್ತಿಟ್ಟರೆ ಬಡ್ಡಿ ಬಿಟ್ಟೂ 15,96,000 ಆಗುತ್ತದೆ. ಮಕ್ಕಳ ನಡುವೆ ಏಳು ವರ್ಷದ ಅಂತರವಿರುವುದರಿಂದ ಇಬ್ಬರ ಕಾಲೇಜು ಖರ್ಚು ಒಟ್ಟಿಗೆ ಬರುವುದೂ ಇಲ್ಲ. ಅಂದರೆ ನಾನು ಇಂದು ಕೆಲಸ ಉಳಿಸಿಕೊಂಡರೆ ಮಾತ್ರ ಮಗುವಿನ ನಾಳಿನ ಓದು ಸಾಧ್ಯ. ಮಗುವಿಗಾಗಿ ತಾಯಿ ಕೆಲಸ ಬಿಡುವುದು ಎಷ್ಟೋ ವೇಳೆ ಆ ಮಗುವಿನ ಕಾಲೇಜಿನ ಹಣವನ್ನೇ ಬಿಟ್ಟುಕೊಟ್ಟಂತೆ.

ಲೆಕ್ಕದ ಕೊನೆಯಲ್ಲಿ ಬಂದ ಉತ್ತರ ‘ಬಿಗಿ, ಆದರೆ ಅಸಾಧ್ಯವಲ್ಲ’ ಎಂಬುದು. ಕಾಗದ ಮಡಚಿಟ್ಟ ಪತಿ ಬಹಳ ಹೊತ್ತು ಸುಮ್ಮನಿದ್ದು, ‘ದುಡ್ಡಿನ ಮಾತಲ್ಲ. ನೀನು ಆವತ್ತು ಆ ಹಾಸಿಗೆಯ ಮೇಲಿದ್ದದ್ದನ್ನು ನಾನು ಇನ್ನೊಂದು ಸಲ ನೋಡಲಾರೆ’ ಎಂದರು. ಎರಡು ವರ್ಷಗಳ ವಾದದಲ್ಲಿ ಒಮ್ಮೆಯೂ ಬಾರದಿದ್ದ ಮಾತು ಅದು.

ಮೊದಲ ಬಸುರಿನ ಎಂಟನೆಯ ತಿಂಗಳಲ್ಲಿ ನನ್ನ ರಕ್ತದೊತ್ತಡ ಏರಿತ್ತು, ಮೂತ್ರದಲ್ಲಿ ಪ್ರೋಟೀನ್ ಕಂಡಿತ್ತು. ವೈದ್ಯರು ಇದನ್ನು ಪ್ರಿ–ಎಕ್ಲಾಂಪ್ಸಿಯ ಎನ್ನುತ್ತಾರೆ. 36ನೆಯ ವಾರಕ್ಕೇ ಶಸ್ತ್ರಚಿಕಿತ್ಸೆ ಮಾಡಿ ಮಗುವನ್ನು ಹೊರತೆಗೆದರು. ಎರಡು ದಿನ ನಾನು ತೀವ್ರ ನಿಗಾ ಘಟಕದಲ್ಲಿದ್ದೆ. ಆ ಎರಡು ದಿನಗಳ ನೆನಪು ನನಗೆ ಮಸುಕು ಮಸುಕು. ಬಾಗಿಲ ಹೊರಗೆ ಒಂದು ಕಡೆ ಕೂಸು, ಇನ್ನೊಂದು ಕಡೆ ಸಹಿ ಹಾಕಬೇಕಾದ ಕಾಗದ ಹಿಡಿದು ನಿಂತವರಿಗೆ ಅದು ಮಸುಕಲ್ಲ. ಹೆರಿಗೆಯ ಭಯ ಹೆಂಗಸರಿಗೆ ಮಾತ್ರ ಇರುತ್ತದೆಂದು ನಾವು ಭಾವಿಸಿರುವುದರಿಂದ ಗಂಡಸರ ಭಯಕ್ಕೆ ಮಾತೇ ಇಲ್ಲ. ಅದು ಬ್ಯಾಂಕಿನ ಕಂತಿನ ರೂಪದಲ್ಲಿ ಹೊರಬರುತ್ತದೆ.

ಭಯ ಎಂದಾದ ಮೇಲೆ ಅದನ್ನೂ ಅಳೆಯಬೇಕಿತ್ತು. ಇಬ್ಬರೂ ಪ್ರಸೂತಿ ತಜ್ಞರ ಬಳಿಗೆ ಹೋದೆವು. ಅವರು ಹೇಳಿದ್ದನ್ನು ಸ್ಪಷ್ಟವಾಗಿಯೇ ಬರೆಯುತ್ತೇನೆ, ಏಕೆಂದರೆ ಈ ತೊಂದರೆ ಕಂಡ ತಾಯಂದಿರು ನಮ್ಮಲ್ಲಿ ಕಡಿಮೆಯೇನಿಲ್ಲ. ಒಮ್ಮೆ ಬಂದವರಲ್ಲಿ ಸರಿಸುಮಾರು ಆರರಲ್ಲಿ ಒಬ್ಬರಿಗೆ ಅದು ಮುಂದಿನ ಬಸುರಿನಲ್ಲಿ ಮರುಕಳಿಸುತ್ತದೆ; ಮೊದಲ ಸಲ 34ನೆಯ ವಾರಕ್ಕೂ ಮುಂಚೆಯೇ ಹೆರಿಗೆ ಮಾಡಿಸಬೇಕಾಗಿ ಬಂದಿದ್ದರೆ ಸಂಭವ ಇನ್ನೂ ಹೆಚ್ಚು. ಗರ್ಭ ಧರಿಸುವ ಮೊದಲೇ ರಕ್ತದೊತ್ತಡ, ಸಕ್ಕರೆ, ಥೈರಾಯ್ಡ್, ಮೂತ್ರಪಿಂಡ ಮತ್ತು ಹಿಮೋಗ್ಲೋಬಿನ್ ಪರೀಕ್ಷೆ ಆಗಬೇಕು, ಫೋಲಿಕ್ ಆಮ್ಲದ ಮಾತ್ರೆಯನ್ನೂ ಆಗಲೇ ಆರಂಭಿಸಬೇಕು. ಸುಮಾರು 12ನೆಯ ವಾರದಿಂದ ವೈದ್ಯರ ಸಲಹೆಯಂತೆ ಅಲ್ಪ ಪ್ರಮಾಣದ ಆಸ್ಪಿರಿನ್ ಕೊಟ್ಟರೆ ಅಪಾಯ ತಗ್ಗುತ್ತದೆ, ಇಲ್ಲವಾಗುವುದಿಲ್ಲ. ತಡೆಯಲಾಗದ ತಲೆನೋವು, ಕಣ್ಣು ಮಂಜಾಗುವುದು, ಪಕ್ಕೆಯ ಕೆಳಗೆ ನೋವು, ಮುಖ–ಕೈಗಳ ದಿಢೀರ್ ಊತ ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗುವವರೆಗೆ ಕಾಯುವಂತಿಲ್ಲ. ಹೆರಿಗೆ ರಕ್ತ ಹಾಗೂ ತೀವ್ರ ನಿಗಾ ಸೌಲಭ್ಯವಿರುವ ದೊಡ್ಡ ಆಸ್ಪತ್ರೆಯಲ್ಲೇ ಆಗಬೇಕು. ಎಂದರೆ ಕೊನೆಯ ತಿಂಗಳುಗಳಲ್ಲಿ ನಾನು ಧರ್ಮಪುರ ಬಿಟ್ಟು ಚಿತ್ರದುರ್ಗದಲ್ಲೋ ದಾವಣಗೆರೆಯಲ್ಲೋ ಮನೆ ಮಾಡಿಕೊಂಡಿರಬೇಕು.

ಇದರ ಮೇಲೆ ವಯಸ್ಸು. 35ರ ನಂತರ ಗರ್ಭ ನಿಲ್ಲಲು ಹೆಚ್ಚು ಕಾಲ ಹಿಡಿಯಬಹುದು; ಆರು ತಿಂಗಳು ಪ್ರಯತ್ನಿಸಿಯೂ ಫಲವಿಲ್ಲದಿದ್ದರೆ ವೈದ್ಯರನ್ನು ಕಾಣಬೇಕು. ಮೊದಲ ಮಗು ಸುಲಭವಾಗಿ ಆಯಿತೆಂಬುದು ಎರಡನೆಯದಕ್ಕೆ ಭರವಸೆಯಲ್ಲ. ಗರ್ಭಪಾತದ ಸಂಭವವೂ ಏರುತ್ತದೆ. ಡೌನ್ ಸಿಂಡ್ರೋಮ್ ಇರುವ ಮಗು ಹುಟ್ಟುವ ಸಂಭವ ತಾಯಿಗೆ 35 ಆದಾಗ ಸುಮಾರು 350ಕ್ಕೆ ಒಂದು, 40 ಆದಾಗ ಸುಮಾರು 100ಕ್ಕೆ ಒಂದು. ಈ ಅಂಕಿಗಳು ಹೆದರಿಸಲು ಇರುವಂಥವಲ್ಲ. ಹಣದ ತೊಂದರೆಗೆ ಎರಡು ವರ್ಷ ಕಾಯಬಹುದು, ವಯಸ್ಸಿನ ಪ್ರಶ್ನೆಗೆ ಕಾಯಲಾಗದು ಎಂಬುದಷ್ಟೇ ಅವುಗಳ ಅರ್ಥ. ‘ನೋಡೋಣ’ ಎಂದು ಮುಂದೂಡುವುದೂ ಒಂದು ನಿರ್ಧಾರವೇ. ಇಬ್ಬರೂ ಒಪ್ಪದೆಯೇ ಆಗಿಹೋಗುವ ನಿರ್ಧಾರ. ಆದ್ದರಿಂದ ನನಗೆ 37 ತುಂಬುವ ದಿನವನ್ನು ಕೊನೆಯ ಗಡುವೆಂದು ಇಟ್ಟುಕೊಂಡೆವು.

ವೈದ್ಯರು ‘ಅಪಾಯವಿದೆ, ನಿಷೇಧವಿಲ್ಲ’ ಎಂದಿದ್ದರು. ಹೀಗಾಗಿ ವೈದ್ಯಶಾಸ್ತ್ರವೂ ಲೆಕ್ಕದಂತೆಯೇ ನಿರ್ಧಾರವನ್ನು ಮರಳಿ ನಮ್ಮ ಕೈಗೇ ಇಟ್ಟಿತು. ಉಳಿದದ್ದು ಮನಸ್ಸು. ನನಗೆ ಯಾಕೆ ಬೇಕು ಎಂದು ನಾನು ಕೇಳಿಕೊಳ್ಳಬೇಕಾಯಿತು. ಅತ್ತೆಯವರು ಆಗಾಗ ಕೇಳುತ್ತಿದ್ದರು: ‘ಮಗೂಗೆ ಒಬ್ಬ ತಮ್ಮ ಬೇಡ್ವೇನಮ್ಮಾ?’ ತಂಗಿ ಬೇಡವೇ ಎಂದು ಅವರು ಎಂದೂ ಕೇಳಿದವರಲ್ಲ. ಮೊದಲನೆಯದು ಹೆಣ್ಣಾದ ಮನೆಗಳಲ್ಲಿ ಎರಡನೆಯ ಮಗುವಿನ ಬಯಕೆ ಎಷ್ಟೋ ಸಲ ಗಂಡುಮಗುವಿನ ಬಯಕೆಯ ಇನ್ನೊಂದು ಹೆಸರು. ಇದಕ್ಕೊಂದು ಪರೀಕ್ಷೆ ಇದೆ. ಇದೂ ಹೆಣ್ಣೇ ಎಂದು ಮೊದಲೇ ಖಚಿತವಾಗಿ ಗೊತ್ತಿದ್ದರೂ ಬೇಕೆ ಎಂದು ಕೇಳಿಕೊಳ್ಳಬೇಕು. ‘ಬೇಕು’ ಎನ್ನಲಾಗದವರು ಮಗುವನ್ನು ಬಯಸುತ್ತಿಲ್ಲ, ಲಾಟರಿ ಚೀಟಿಯನ್ನು ಕೊಳ್ಳುತ್ತಿದ್ದಾರೆ. ನನ್ನ ಉತ್ತರ ‘ಬೇಕು’ ಎಂದೇ ಇತ್ತು.

ಮಗಳಿಗೆ ಜೊತೆ ಬೇಕೆಂಬುದು ನನ್ನ ಇನ್ನೊಂದು ಕಾರಣ. ಒಂಟಿ ಮಕ್ಕಳು ಹಟಮಾರಿಗಳು, ಸ್ವಾರ್ಥಿಗಳು ಎಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ಟೋನಿ ಫಾಲ್ಬೊ ಮತ್ತು ಡೆನಿಸ್ ಪೋಲಿಟ್ ಎಂಬ ಸಂಶೋಧಕಿಯರು ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 1986ರಲ್ಲಿ ಪ್ರಕಟಿಸಿದ ವಿಶ್ಲೇಷಣೆ ಆ ನಂಬಿಕೆಯನ್ನು ಸಮರ್ಥಿಸುವುದಿಲ್ಲ. ಏಳು ವರ್ಷದ ಅಂತರದಲ್ಲಿ ಹುಟ್ಟಿದವರು ಆಟದ ಜೊತೆಗಾರರೂ ಆಗುವುದಿಲ್ಲ. ನಿಜವಾದ ಭಾರ ಬೀಳುವುದು ಮುಂದೆ, ವೃದ್ಧ ತಂದೆ–ತಾಯಿಯನ್ನು ಒಬ್ಬಳೇ ನೋಡಿಕೊಳ್ಳಬೇಕಾದಾಗ. ಅದಕ್ಕೆ ಪರಿಹಾರ ಇನ್ನೊಂದು ಮಗುವಲ್ಲ, ನಮ್ಮ ಮುಪ್ಪಿಗೆ ನಾವೇ ಕೂಡಿಡುವ ಹಣ ಮತ್ತು ವಿಮೆ. ಊರಲ್ಲಿ ಮೂವರು ಗಂಡುಮಕ್ಕಳಿದ್ದೂ ಒಬ್ಬರೇ ಇರುವ ಹಿರಿಯರನ್ನು ನಾವೆಲ್ಲ ಕಂಡಿದ್ದೇವೆ.

ಈ ಕಾರಣಗಳೆಲ್ಲ ಕಳಚಿದ ಮೇಲೂ ನನ್ನ ಬಯಕೆ ಉಳಿದೇ ಇತ್ತು. ಬಯಕೆಗೆ ಕಾರಣ ಬೇಕಿಲ್ಲ. ಪತಿಯ ಭಯಕ್ಕೂ ಹಾಗೆಯೇ. ಆರರಲ್ಲಿ ಐದು ಪಾಲು ಏನೂ ಆಗುವುದಿಲ್ಲವೆಂಬ ಅಂಕಿ ನನಗೆ ಧೈರ್ಯ ಕೊಟ್ಟಿತು, ಅವರಿಗೆ ಕೊಡಲಿಲ್ಲ. ಒಂದೇ ಅಂಕಿ ಇಬ್ಬರಿಗೆ ಎರಡು ಅರ್ಥ ಕೊಡುವಾಗ ಯಾರ ಮಾತು ನಡೆಯಬೇಕು? ಮನೆ ಕೊಳ್ಳುವುದರಲ್ಲಿ, ವರ್ಗಾವಣೆಯಲ್ಲಿ ಇಬ್ಬರೂ ಅರ್ಧರ್ಧ ಬಿಟ್ಟುಕೊಡಬಹುದು. ಅರ್ಧ ಮಗು ಎಂಬುದಿಲ್ಲ. ಒತ್ತಾಯಕ್ಕೆ ಒಪ್ಪಿದ ತಂದೆಯ ಮನೆಯಲ್ಲಿ ಮಗು ಬೆಳೆಯುತ್ತದೆ, ಆದರೆ ಪ್ರತಿ ಕಾಯಿಲೆಯೂ ಪ್ರತಿ ಖರ್ಚೂ ‘ನಿನಗೆ ಬೇಕಾಗಿದ್ದಲ್ಲವೇ’ ಎಂಬ ಮಾತಿಗೆ ದಾರಿಯಾಗುತ್ತದೆ. ಒತ್ತಾಯಕ್ಕೆ ಹೆತ್ತ ತಾಯಿಯ ಮಟ್ಟಿಗೂ ಇದು ನಿಜ. ನಮ್ಮಲ್ಲಿ ಹೆಚ್ಚಾಗಿ ನಡೆಯುವುದು ಅದೇ. ಆದ್ದರಿಂದ ಎರಡನೆಯ ಮಗುವಿಗೆ ಎರಡು ‘ಹೂಂ’ ಬೇಕು, ತಡೆಯಲು ಒಂದು ‘ಬೇಡ’ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ನನ್ನ ಇಚ್ಛೆಗೆ ವಿರುದ್ಧವಾಗಿ ನಿಂತ ನಿಯಮವಾದರೂ ಅದು ನ್ಯಾಯವೆಂದೇ ಹೇಳುತ್ತೇನೆ. ಗಡುವಿನ ದಿನ ಅವರ ಉತ್ತರ ಬದಲಾಗಿರಲಿಲ್ಲ. ನಮಗೆ ಒಬ್ಬಳೇ ಮಗಳು ಎಂದು ನಿರ್ಧರಿಸಿದೆವು.

ಆದರೆ ‘ಬೇಡ’ ಎಂದವರಿಗೂ ಋಣಗಳಿವೆ. ಮೊದಲನೆಯದು, ನಿಜವಾದ ಕಾರಣವನ್ನು ಹೇಳುವುದು. ಎರಡನೆಯದು, ಬಂಧುಬಳಗದ ಪ್ರಶ್ನೆಗೆ ತಾವೇ ಉತ್ತರಿಸುವುದು. ‘ಸೊಸೆಗೆ ನೌಕರಿಯೇ ಹೆಚ್ಚಾಯಿತು’ ಎಂಬ ಮಾತು ನನ್ನ ತಲೆಗೆ ಬರದಂತೆ ಪತಿಯೇ ಅತ್ತೆಯವರಿಗೆ ‘ಬೇಡವೆಂದವನು ನಾನಮ್ಮ’ ಎಂದು ಹೇಳಿದರು. ಮೂರನೆಯದು ದೇಹದ ಋಣ. ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ವಿವಾಹಿತೆಯರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದಾರೆಂದೂ ಪುರುಷರ ಪಾಲು ಬಹುತೇಕ ಶೂನ್ಯವೆಂದೂ ಅದೇ 2019–21ರ ಸಮೀಕ್ಷೆ ಹೇಳುತ್ತದೆ. ಪುರುಷರ ಶಸ್ತ್ರಚಿಕಿತ್ಸೆ ಹೊಟ್ಟೆ ಕೊಯ್ಯದೆ, ಆ ಜಾಗವನ್ನಷ್ಟೇ ಮರಗಟ್ಟಿಸಿ ಅರ್ಧ ಗಂಟೆಯೊಳಗೆ ಮುಗಿಯುವಂಥದು. ಫಲ ಕಾಣಲು ಮೂರು ತಿಂಗಳು ಬೇಕು; ವೀರ್ಯ ಪರೀಕ್ಷೆಯಲ್ಲಿ ಖಚಿತವಾಗುವವರೆಗೆ ಬೇರೆ ಎಚ್ಚರಿಕೆ ತಪ್ಪದೆ ಇರಬೇಕು. ಮತ್ತೆ ಜೋಡಿಸಬಹುದೆಂಬ ನೆಚ್ಚಿಕೆಯಿಂದ ಯಾರೂ ಮಾಡಿಸಿಕೊಳ್ಳಬಾರದು. ನನ್ನ ಪತಿ ಅದನ್ನು ಮಾಡಿಸಿಕೊಂಡರು. ಒಮ್ಮೆ ಕೊಯ್ಯಿಸಿಕೊಂಡ ಹೊಟ್ಟೆಯನ್ನು ಇನ್ನೊಮ್ಮೆ ಕೊಯ್ಯಿಸಿಕೊಳ್ಳುವ ಪಾಳಿ ನನ್ನದಾಗಬೇಕಿರಲಿಲ್ಲ.

ನನಗೆ ದುಃಖವಿಲ್ಲವೆಂದರೆ ಸುಳ್ಳಾದೀತು. ಹುಟ್ಟದ ಮಗುವಿಗೆ ನಮ್ಮಲ್ಲಿ ಸೂತಕವಿಲ್ಲ, ಸಾಂತ್ವನವೂ ಇಲ್ಲ. ಅದನ್ನು ಮನೆಯೊಳಗೆ ಹೇಳಿಕೊಳ್ಳಲು ಸಾಧ್ಯವಾಗಿರುವುದು ಕಾರಣ ತಿಳಿದಿರುವುದರಿಂದ. ದುಡ್ಡಿಲ್ಲದ್ದಕ್ಕೆ ಬೇಡವಾಯಿತು ಎಂದೇ ಉಳಿದಿದ್ದರೆ, ಮುಂದೆ ಸಂಬಳ ಹೆಚ್ಚಿದ ಪ್ರತಿ ವರ್ಷವೂ ಅದು ನಮ್ಮ ನಡುವೆ ಚುಚ್ಚುತ್ತಿತ್ತು.

ಇನ್ನು ಹೆಚ್ಚು ಮಕ್ಕಳನ್ನು ಹೆರಿ ಎನ್ನುವ ನಾಯಕರಿಗೆ ಒಂದು ಮಾತು. ಅಂಗನವಾಡಿಯ ಶಿಕ್ಷಣ ಮೂರು ವರ್ಷಕ್ಕೆ ಶುರುವಾಗುತ್ತದೆ, ಹೆರಿಗೆ ರಜೆ ಸಿಕ್ಕವರಿಗೂ ಅದು ಆರು ತಿಂಗಳಿಗೆ ಮುಗಿಯುತ್ತದೆ. ನಡುವಿನ ಎರಡೂವರೆ ವರ್ಷವನ್ನು ಪ್ರತಿ ಮನೆಯೂ ಅಜ್ಜಿಯ ಮಂಡಿನೋವಿನ ಮೇಲೆ ಅಥವಾ ತಾಯಿಯ ನೌಕರಿಯ ಮೇಲೆ ದಾಟುತ್ತಿದೆ. ರಾಜ್ಯ ಸರ್ಕಾರ 2023ರಲ್ಲಿ ಘೋಷಿಸಿದ ‘ಕೂಸಿನ ಮನೆ’ ಗ್ರಾಮೀಣ ಕೂಲಿಕಾರ ತಾಯಂದಿರನ್ನು ಗಮನದಲ್ಲಿಟ್ಟುಕೊಂಡ ಒಳ್ಳೆಯ ಆರಂಭ. ಹೋಬಳಿ ಕೇಂದ್ರಗಳಲ್ಲಿ ಎಲ್ಲ ದುಡಿಯುವ ತಾಯಂದಿರಿಗೂ ಕೆಲಸದ ಹೊತ್ತು ಪೂರ್ತಿ ತೆರೆದಿರುವ ಅಂಥ ಮನೆಗಳಿದ್ದರೆ, ತಾಲ್ಲೂಕು ಆಸ್ಪತ್ರೆಯಲ್ಲೇ ತೀವ್ರ ನಿಗಾ ಸೌಲಭ್ಯವುಳ್ಳ ಹೆರಿಗೆ ವಿಭಾಗವಿದ್ದರೆ ನಮ್ಮ ಕಾಗದದ ಮೇಲಿನ ಅಂಕಿಗಳೂ ಬಹುಶಃ ಪತಿಯ ಭಯವೂ ಬೇರೆಯಾಗಿರುತ್ತಿದ್ದವು. ಮಕ್ಕಳೆಷ್ಟಿರಬೇಕೆಂದು ಹೇಳುವುದು ಸರ್ಕಾರದ ಕೆಲಸವಲ್ಲ. ಬೇಕೆನ್ನುವ ದಂಪತಿಗೆ ಭಯ ಮತ್ತು ಹಣ ಅಡ್ಡಬಾರದಂತೆ ನೋಡಿಕೊಳ್ಳುವುದು ಮಾತ್ರ ಅದರ ಕೆಲಸ.